ಆರು ನಿಮಿಷದ ಕಥೆಯನ್ನು ಎರಡು ನಿಮಿಷಕ್ಕೆ ಇಳಿಸುವುದು ಹೇಗೆ?

ಮಲಗುವ ಹೊತ್ತಿನ ಕಥೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಮಕ್ಕಳಿಗೆ ಕಳಿಸುವ ಶಿಕ್ಷಕಿಯರು ಮತ್ತು ತಾಯಂದಿರು ಕಲಬುರಗಿಯಲ್ಲಿ ಈಗ ಬಹಳ ಮಂದಿ ಇದ್ದಾರೆ. ಅಂಥ ಹಲವು ಧ್ವನಿಮುದ್ರಣಗಳನ್ನು ಕೇಳಿದ ಮೇಲೆ, ಕಥೆಯನ್ನು ಎರಡು ನಿಮಿಷಕ್ಕೆ ಇಳಿಸುವಾಗ ಬಹುತೇಕ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ ಎಂಬುದು ನನಗೆ ಖಚಿತವಾಗಿದೆ. ಕಾಗಕ್ಕ ಗುಬ್ಬಕ್ಕನ ಕಥೆಯಲ್ಲಿ ಆ ತಪ್ಪು ಹೀಗೆ ಕೇಳಿಸುತ್ತದೆ: ‘ಕಾಗೆ ಐದಾರು ಸಲ ಬಾಗಿಲು ಬಡಿಯಿತು, ಗುಬ್ಬಿ ಪ್ರತಿ ಸಲವೂ ಒಂದೊಂದು ನೆಪ ಹೇಳಿತು.’ ಮಗು ಕಾಯುತ್ತಿದ್ದುದೇ ಆ ಐದಾರು ಬಡಿತಗಳಿಗಾಗಿ. ‘ಅದೇ ಮಾತು ಮತ್ತೆ ಬರುತ್ತದಲ್ಲ’ ಎಂದು ಅದನ್ನು ಸಾರಾಂಶ ಮಾಡಿದರೆ ಕಥೆಯ ಸುದ್ದಿ ಉಳಿಯುತ್ತದೆ, ಕಥೆ ಉಳಿಯುವುದಿಲ್ಲ.

ಆದ್ದರಿಂದ ಇದೇ ಕಥೆಯನ್ನು ಕತ್ತರಿಸಿ ತೋರಿಸುತ್ತೇನೆ. ಕಾಗೆಯ ಸೆಗಣಿಯ ಮನೆ ಮಳೆಗೆ ಕರಗುತ್ತದೆ. ಅದು ಗುಬ್ಬಿಯ ಗಟ್ಟಿ ಮನೆಯ ಬಾಗಿಲಿಗೆ ಬರುತ್ತದೆ. ಕೂಸಿನ ಆರೈಕೆಯಲ್ಲಿರುವ ಗುಬ್ಬಿ ಒಂದೊಂದು ಕೆಲಸ ಹೇಳಿ ಕಾಯಿಸುತ್ತದೆ. ಕಥೆಯ ಹಲವು ರೂಪಗಳಲ್ಲಿ ನಾನು ಎತ್ತಿಕೊಂಡದ್ದರಲ್ಲಿ ಬಾಗಿಲು ಬಡಿಯುವ ಸುತ್ತು ಆರು ಸಲ ಬರುತ್ತಿತ್ತು, ಓದಲು ಆರು ನಿಮಿಷ ಬೇಕಾಗುತ್ತಿತ್ತು.

ಮೊದಲು ಕಥೆಯನ್ನು ಪೂರ್ತಿ ಬದಿಗಿಟ್ಟು, ಮರುಕಳಿಸುವ ಒಂದು ಸುತ್ತನ್ನು ಮಾತ್ರ ಮಲಗಿಸುವ ದನಿಯಲ್ಲಿ ಓದಿ, ಗಡಿಯಾರ ನೋಡಿ ಅಳೆಯಬೇಕು. ‘ಗುಬ್ಬವ್ವಾ ಗುಬ್ಬವ್ವಾ, ಬಾಗಲಾ ತಗಿ’ ಎಂಬ ಕರೆಗೆ ನನಗೆ 4 ಸೆಕೆಂಡು ಹಿಡಿಯಿತು. ಅದರ ನಂತರ 2 ಸೆಕೆಂಡಿನ ಮೌನ. ‘ತಡಿ ಕಾಗವ್ವಾ ತಡಿ, ಕೂಸಿಗಿ ನೀರು ಹಾಕ್ಲತ್ತೀನಿ’ ಎಂಬ ಉತ್ತರಕ್ಕೆ 6 ಸೆಕೆಂಡು, ಮತ್ತೆ 2 ಸೆಕೆಂಡಿನ ಮೌನ. ಒಂದು ಸುತ್ತಿಗೆ ಒಟ್ಟು 14 ಸೆಕೆಂಡು. ಮೂರು ಸುತ್ತಿಗೆ 42, ಅವುಗಳ ನಡುವೆ ಮಳೆಯ ಮಾತು ಹೇಳುವ ಎರಡು ವಾಕ್ಯಗಳಿಗೆ 8, ಅಲ್ಲಿಗೆ 50 ಸೆಕೆಂಡು ಖರ್ಚಾಯಿತು. ಉಳಿದ 70ರಲ್ಲಿ ಆರಂಭಕ್ಕೆ 30, ಮುಕ್ತಾಯಕ್ಕೆ 40 ಕೊಡುತ್ತೇನೆ. ನನ್ನ ಮಲಗಿಸುವ ದನಿ ನಿಮಿಷಕ್ಕೆ ಸುಮಾರು 80 ಪದಗಳ ವೇಗದ್ದು. ಆ ಲೆಕ್ಕದಲ್ಲಿ ಆರಂಭಕ್ಕೆ 40 ಪದ, ಮುಕ್ತಾಯಕ್ಕೆ 50ರ ಆಸುಪಾಸು ಸಿಗುತ್ತವೆ. ನಿಮ್ಮ ವೇಗ ಬೇರೆಯಿದ್ದೀತು, ಅಳೆದುಕೊಳ್ಳಿ.

ಕಠಿಣವಾದ ಹಂತ ಇನ್ನು ಮುಂದಿನದು: ಆರು ಸುತ್ತುಗಳಲ್ಲಿ ಯಾವ ಮೂರನ್ನು ಉಳಿಸಬೇಕು? ನೀರು ಹಾಕುವುದು, ಅಂಗಿ ತೊಡಿಸುವುದು, ಕಾಡಿಗೆ ಹಚ್ಚುವುದು, ಹಾಲು ಕುಡಿಸುವುದು, ಕುಂಚಿಗೆ ಕಟ್ಟುವುದು, ತೊಟ್ಟಿಲು ತೂಗುವುದು ಎಂಬ ಆರು ಕೆಲಸಗಳಲ್ಲಿ ನಾನು ನೀರು, ಕಾಡಿಗೆ, ತೊಟ್ಟಿಲು ಈ ಮೂರನ್ನು ಇಟ್ಟುಕೊಂಡೆ. ನೀರಿನಿಂದ ಕೂಸಿನ ಆರೈಕೆ ಆರಂಭವಾಗುತ್ತದೆ, ತೊಟ್ಟಿಲಿನಲ್ಲಿ ಅದು ಮುಗಿಯುತ್ತದೆ ಮತ್ತು ಕೇಳುತ್ತಿರುವ ಮಗುವನ್ನೂ ನಾವು ಒಯ್ಯಬೇಕಾದದ್ದು ಅಲ್ಲಿಗೇ. ನಡುವೆ ಕಾಡಿಗೆಯನ್ನು ಆರಿಸಿದ್ದಕ್ಕೆ ಅದು ಕಣ್ಣಿಗೆ ಕಟ್ಟುವಂಥ ಕೆಲಸ ಎಂಬುದರ ಹೊರತು ಬೇರೆ ಕಾರಣವಿಲ್ಲ. ಆದರೆ ಎರಡಕ್ಕೆ ಇಳಿಯಬೇಡಿ. ಮೊದಲ ಸುತ್ತಿನಲ್ಲಿ ಮಗು ಮಾತನ್ನು ಕೇಳುತ್ತದೆ, ಎರಡನೆಯದರಲ್ಲಿ ಗುರುತಿಸುತ್ತದೆ, ಮೂರನೆಯದರಲ್ಲಿ ತಾನೇ ಹೇಳುತ್ತದೆ. ಎರಡಕ್ಕೇ ನಿಲ್ಲಿಸಿದರೆ ಅದು ಬಾಯಿ ತೆರೆಯುವ ಹೊತ್ತಿಗೆ ಕಥೆ ಮುಗಿದಿರುತ್ತದೆ.

ಸುತ್ತುಗಳ ಸಂಖ್ಯೆಯನ್ನು ಕಡಿಮೆ ಮಾಡಬಹುದು, ಆದರೆ ಸುತ್ತಿನೊಳಗಿನ ಒಂದು ಅಕ್ಷರವನ್ನೂ ಕಡಿಮೆ ಮಾಡಬಾರದು, ಹೆಚ್ಚಿಸಲೂ ಬಾರದು. ಎರಡನೆಯ ಸಲ ‘ಗುಬ್ಬವ್ವಾ, ಬಾಗಲಾ ತಗಿ’ ಎಂದು ಒಂದು ಕರೆಯನ್ನು ನುಂಗಿದರೂ ಮಗುವಿಗೆ ಹೆಜ್ಜೆ ತಪ್ಪುತ್ತದೆ. ಮೂರು ಉತ್ತರಗಳಲ್ಲಿ ಬದಲಾಗಬೇಕಾದದ್ದು ಕೆಲಸವನ್ನು ಹೇಳುವ ತುಣುಕೊಂದೇ: ‘ಕೂಸಿಗಿ ನೀರು ಹಾಕ್ಲತ್ತೀನಿ’, ‘ಕೂಸಿಗಿ ಕಾಡಿಗಿ ಹಚ್ಲತ್ತೀನಿ’, ‘ಕೂಸಿನ ತೊಟ್ಟಿಲ ತೂಗ್ಲತ್ತೀನಿ’.

ಪಲ್ಲವಿಯನ್ನು ಶಿಷ್ಟ ಭಾಷೆಗೆ ತಿದ್ದುವವರೂ ಇದ್ದಾರೆ. ಒಬ್ಬ ಶಿಕ್ಷಕಿ ‘ಬಾಗಿಲನ್ನು ತೆರೆಯಿರಿ’ ಎಂದು ಬರೆದುಕೊಂಡು ಬಂದಿದ್ದರು. ಮಾತ್ರೆ ಎಣಿಸಿ ನೋಡಿ: ‘ಬಾಗಲಾ ತಗಿ’ 7 ಮಾತ್ರೆ, ‘ಬಾಗಿಲನ್ನು ತೆರೆಯಿರಿ’ 10. ಆ ಹೆಚ್ಚುವರಿ ಮೂರು ಮಾತ್ರೆಗಳಲ್ಲಿ ಮಳೆಯಲ್ಲಿ ನೆನೆಯುತ್ತಿರುವ ಕಾಗೆಯ ಅವಸರವೆಲ್ಲ ಸೋರಿಹೋಗುತ್ತದೆ. ನಿರೂಪಣೆ ಬೇಕಾದರೆ ಪುಸ್ತಕದ ಕನ್ನಡದಲ್ಲಿರಲಿ, ಪಲ್ಲವಿ ಮನೆಯ ಮಾತಿನಲ್ಲೇ ಇರಬೇಕು ಎಂಬುದು ನನ್ನ ಹಟ. ಗಡಿಯಾಚೆಯ ಮರಾಠಿ ಕಥೆಯಲ್ಲಿ ಕಾಗೆಯ ಮನೆ ಶೇಣದ್ದು, ಅಂದರೆ ಸೆಗಣಿಯದು, ಗುಬ್ಬಿಯ ಮನೆ ಮೇಣದ್ದು. ಆ ಪ್ರಾಸ ಕನ್ನಡದಲ್ಲಿ ಸಿಗುವುದಿಲ್ಲವಾದ್ದರಿಂದ ಬೀದರ ಕಡೆಯವರು ಅಲ್ಲಿಂದ ಮೇಣವನ್ನು ಹೊತ್ತು ತರುವ ಅಗತ್ಯವಿಲ್ಲ.

ಮೂರು ಸಲ ಕಟ್ಟಿದ್ದನ್ನು ನಾಲ್ಕನೆಯ ಸಲ ಮುರಿಯಬೇಕು. ಅಲ್ಲಿ ಕಾಗೆ ಕರೆಯುವುದಿಲ್ಲ, ಗುಬ್ಬಿಯೇ ಕರೆಯುತ್ತದೆ: ‘ಬಾ ಕಾಗವ್ವಾ ಬಾ, ಬಾಗಲಾ ತಗದೀನಿ.’ ‘ತಡಿ’ ಎಂಬ ಎರಡು ಲಘುಗಳ ಜಾಗದಲ್ಲಿ ‘ಬಾ’ ಎಂಬ ಒಂದು ಗುರು ಕುಳಿತಿದೆ. ಮಾತ್ರೆ ಎರಡೇ, ಸಾಲಿನ ತೂಕ ಮೊದಲಿನದೇ, ಅರ್ಥ ಮಾತ್ರ ತಿರುಗಿದೆ. ಇದನ್ನು ‘ಕೊನೆಗೆ ಗುಬ್ಬಿ ಬಾಗಿಲು ತೆರೆಯಿತು’ ಎಂದು ಗದ್ಯ ಮಾಡಿಬಿಟ್ಟರೆ ಹಿಂದಿನ 50 ಸೆಕೆಂಡುಗಳು ವ್ಯರ್ಥ.

ಆರಂಭವನ್ನು ಕತ್ತರಿಸುವುದು ಸುಲಭ. ಪ್ರತಿ ವಾಕ್ಯವನ್ನೂ ಕೈಯಿಂದ ಮುಚ್ಚಿ, ಅದಿಲ್ಲದೆಯೂ ಬಾಗಿಲು ಬಡಿಯುವುದು ಅರ್ಥವಾಗುತ್ತದೆಯೇ ಎಂದು ನೋಡಿ. ಆಗುವುದಾದರೆ ವಾಕ್ಯವನ್ನು ಅಳಿಸಿ. ಊರು, ಮರ, ಹಿಂದಿನ ಜಗಳ ಎಲ್ಲವೂ ಹೋಗುತ್ತವೆ. ಗುಬ್ಬಿಯ ಮನೆ ಎಷ್ಟು ಗಟ್ಟಿ ಎಂದು ವರ್ಣಿಸುತ್ತಿದ್ದ ಮೂರು ವಾಕ್ಯಗಳ ಬದಲು ನಾನು ‘ಪರಸಿ ಕಲ್ಲಿನ ಮನಿ’ ಎಂದೆ. ಶಹಾಬಾದಿನ ಕಲ್ಲಿನ ಮೇಲೆ ನಡೆದಾಡುವ ಮಗುವಿಗೆ ಅಷ್ಟು ಸಾಕು.

ಮುಕ್ತಾಯದಲ್ಲಿ ಕಾಗೆ ಒಲೆಯ ಬೆಂಕಿಯಲ್ಲಿ ಸುಟ್ಟುಕೊಳ್ಳುವ ರೂಪವೂ ಈ ಕಥೆಗಿದೆ. ನಾನದನ್ನು ನಿರ್ದಾಕ್ಷಿಣ್ಯವಾಗಿ ತೆಗೆಯುತ್ತೇನೆ, ಏಕೆಂದರೆ ಅದನ್ನು ಕೇಳಿದ ಮಗು ಎದ್ದು ಕುಳಿತು ಪ್ರಶ್ನೆ ಕೇಳುತ್ತದೆ. ಅದರ ಬದಲು ವಾಕ್ಯಗಳು ನಿಧಾನವಾಗಿ ಇಳಿಯಲಿ: ‘ಕಾಗವ್ವ ಒಲಿ ಮುಂದ ಕುಂತು ರೆಕ್ಕಿ ಒಣಗಿಸಿಕೊಂಡಳು. ಕೂಸು ತೊಟ್ಟಿಲದಾಗ ಮಲಗಿತ್ತು. ಕಾಗವ್ವಂದೂ ಕಣ್ಣು ಮುಚ್ಚಿತು.’

ಧ್ವನಿಮುದ್ರಣಕ್ಕೆ ಫ್ಯಾನು ಆರಿಸಿ, ಮೊಬೈಲನ್ನು ಒಂದು ಗೇಣು ದೂರದಲ್ಲಿಟ್ಟುಕೊಳ್ಳಿ. ಅಂಗಿಗೆ ಸಿಕ್ಕಿಸುವ ಅಗ್ಗದ ಮೈಕು ಕೊಳ್ಳಬೇಡಿ, ಅದರಲ್ಲಿ ನಿಮ್ಮ ದನಿಗಿಂತ ಸೀರೆಯ ಸರಸರ ಹೆಚ್ಚು ಕೇಳಿಸುತ್ತದೆ.

ಮುದ್ರಿಸಿದ್ದು 2 ನಿಮಿಷ 10 ಸೆಕೆಂಡು ಬಂದರೆ ಕೈ ಅಡ್ಡದಾರಿಗೆ ಹೋಗುತ್ತದೆ. ಆಪ್‌ನಲ್ಲಿ ವೇಗ ಹೆಚ್ಚಿಸಿದರೆ ದನಿ ಸಂತೆಯಲ್ಲಿ ಕೂಗುವವರದಾಗುತ್ತದೆ. ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯ Truncate Silence ಇನ್ನೂ ಅಪಾಯಕಾರಿ. ಅದು ಮೌನಗಳನ್ನು ಕಸವೆಂದು ತಿಳಿದು ಮೊಟಕುಗೊಳಿಸುತ್ತದೆ, ನಾವು ಎಣಿಸಿ ಇಟ್ಟಿದ್ದ 2 ಸೆಕೆಂಡುಗಳನ್ನೂ ನುಂಗುತ್ತದೆ. ಹೆಚ್ಚಾದ 10 ಸೆಕೆಂಡುಗಳನ್ನು ಆರಂಭದಿಂದ ತೆಗೆದು, ಆ ಭಾಗವನ್ನು ಮತ್ತೆ ಓದಿ.

ಕೊನೆಯದಾಗಿ, ಕಥೆ ಗೊತ್ತಿಲ್ಲದ ಮಗುವೊಂದಕ್ಕೆ ಕೇಳಿಸಿ, ಮೂರನೆಯ ಕರೆಯ ನಂತರದ ಮೌನದಲ್ಲಿ ಅದರ ಬಾಯನ್ನು ಗಮನಿಸಿ. ‘ತಡಿ ಕಾಗವ್ವಾ’ ಎಂದು ತುಟಿ ಅಲ್ಲಾಡಿದರೆ ಕತ್ತರಿ ಸರಿಯಾಗಿ ಬಿದ್ದಿದೆ. ಅಲ್ಲಾಡದಿದ್ದರೆ ಮೊದಲ ಎರಡು ಸುತ್ತುಗಳನ್ನು ಒಂದರ ಹಿಂದೆ ಒಂದು ಹಾಕಿ ಕೇಳಿ, ಎಲ್ಲೋ ಒಂದು ಪದ ಅಥವಾ ಒಂದು ಎಳೆತ ಬೇರೆಯಾಗಿರುತ್ತದೆ.