ಖರ್ಚಿನ ಮಂಜೂರಾತಿಗೆ ಟಿಪ್ಪಣಿ: ಕೊನೆಯ ಕಂಡಿಕೆಯಿಂದ ಶುರು ಮಾಡಿ

ಖರ್ಚಿನ ಪ್ರಸ್ತಾವವಿರುವ ಕಡತ ಮೇಲೆ ಹೋಗಿ, "ಚರ್ಚಿಸಿ" ಎಂಬ ಒಂದೇ ಮಾತಿನೊಂದಿಗೆ ವಾಪಸ್ ಬರುವುದು ವಿಷಯ ನಿರ್ವಾಹಕರಿಗೆಲ್ಲ ಗೊತ್ತಿರುವ ಸಂಗತಿ. ಬಹಳ ಸಲ ಕಾರಣ ಒಂದೇ. ಬಂದ ಪತ್ರವನ್ನೇ ಟಿಪ್ಪಣಿಯಲ್ಲಿ ಮತ್ತೆ ಬರೆದು, ಕೊನೆಗೆ "ಸೂಕ್ತ ಆದೇಶಕ್ಕಾಗಿ ಮಂಡಿಸಿದೆ" ಎಂದು ನಿಲ್ಲಿಸಿರುತ್ತಾರೆ. ಯಾವ ಆದೇಶ, ಎಷ್ಟು ಹಣಕ್ಕೆ, ಯಾವ ಅಧಿಕಾರದ ಮೇಲೆ ಎಂಬುದನ್ನು ಅಧಿಕಾರಿಯೇ ಹುಡುಕಿಕೊಳ್ಳಬೇಕು. ಅಷ್ಟು ಪುರುಸೊತ್ತು ಅವರಿಗೆ ಇರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಾಲ್ಲೂಕಿನ ವಿದ್ಯಾರ್ಥಿನಿಲಯವೊಂದರಲ್ಲಿ 100 ಮಕ್ಕಳಿದ್ದಾರೆ. ಕೊಳವೆಬಾವಿಯ 5 ಎಚ್‌ಪಿ ಸಬ್‌ಮರ್ಸಿಬಲ್ ಪಂಪ್ ಸುಟ್ಟಿದೆ, ಟ್ಯಾಂಕರ್ ನೀರು ತರಿಸುತ್ತಿದ್ದಾರೆ. ನಿಲಯ ಪಾಲಕರು ಮೂರು ದರಪಟ್ಟಿ ಸೇರಿಸಿ ಪತ್ರ ಕಳಿಸಿದ್ದಾರೆ: 48,500, 51,200 ಮತ್ತು 54,000 ರೂಪಾಯಿ. ಜಿಲ್ಲಾ ಕಚೇರಿಯಲ್ಲಿ ಕೂತು ನೀವು ಟಿಪ್ಪಣಿ ಬರೆಯಬೇಕು.

ಮೊದಲು ಕೋರಿಕೆ ಬರೆಯಿರಿ

ಟಿಪ್ಪಣಿಯ ಕೊನೆಗೆ ಬರುವ ಕಂಡಿಕೆಯನ್ನು ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾರಿಂದ ಏನು ಬೇಕು ಎಂಬುದು ಒಂದೇ ವಾಕ್ಯದಲ್ಲಿ ಬರದಿದ್ದರೆ ವಿಷಯ ಇನ್ನೂ ನಿಮಗೇ ಸ್ಪಷ್ಟವಾಗಿಲ್ಲ ಎಂದರ್ಥ. ಆ ವಾಕ್ಯದಲ್ಲಿ ಮೊತ್ತ, ಉದ್ದೇಶ, ಸರಬರಾಜುದಾರ, ಲೆಕ್ಕ ಶೀರ್ಷಿಕೆ ನಾಲ್ಕೂ ಇರಬೇಕು. ಅಧಿಕಾರಿ "ಅನುಮೋದಿಸಿದೆ" ಎಂದು ಬರೆದರೆ ಅದೇ ವಾಕ್ಯ ಮಂಜೂರಾತಿ ಆದೇಶವಾಗಿ ಹೋಗುವಂತಿರಬೇಕು. ಉಳಿದ ಕಂಡಿಕೆಗಳೆಲ್ಲ ಇರುವುದು ಈ ಒಂದು ವಾಕ್ಯಕ್ಕೆ ಆಧಾರ ಕೊಡಲು. ಆಧಾರ ಕೊಡದ ಕಂಡಿಕೆಯನ್ನು ಧೈರ್ಯವಾಗಿ ಬಿಟ್ಟುಬಿಡಿ.

ಸಂಗತಿ ಮತ್ತು ಅಗತ್ಯ

ಇದು ಐದಾರು ಸಾಲು ಸಾಕು. ಪ್ರತಿ ಮಾತಿಗೂ ಕಡತದ ಪತ್ರ ಭಾಗದ ಪುಟ ಸಂಖ್ಯೆ ಕೊಡಿ. "ಪಂಪ್ ಸುಟ್ಟಿದೆ" ಎಂದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ದುರಸ್ತಿ ಯಾಕೆ ಮಾಡಿಸಬಾರದು? ಅದಕ್ಕೆ ಉತ್ತರ ಇಲ್ಲೇ ಇರಲಿ. ನಮ್ಮ ಉದಾಹರಣೆಯಲ್ಲಿ ಈ ಪಂಪಿಗೆ ಈಗಾಗಲೇ ಎರಡು ಸಲ ವೈಂಡಿಂಗ್ ಮಾಡಿಸಲಾಗಿದೆ. ಮತ್ತೆ ದುರಸ್ತಿಗೆ 19,000 ರೂಪಾಯಿ ಬೇಕು, ಆದರೂ ಬಾಳಿಕೆ ಬರುವುದಿಲ್ಲ ಎಂದು ಎಂಜಿನಿಯರ್ ವರದಿ ಕೊಟ್ಟಿದ್ದಾರೆ. ಆ ವರದಿ ಇಲ್ಲದಿದ್ದರೆ ಹೊಸ ಪಂಪ್ ಎಂಬುದು ನಿಲಯ ಪಾಲಕರ ಆಸೆಯಷ್ಟೇ ಆಗುತ್ತದೆ, ಅಲ್ವಾ?

ದರಪಟ್ಟಿಗಳನ್ನೂ ಕಣ್ಣಿಟ್ಟು ನೋಡಿ. ಮೂವರೂ ಒಂದೇ ಎಚ್‌ಪಿ, ಒಂದೇ ಸ್ಟೇಜ್ ಪಂಪಿಗೆ, ಜಿಎಸ್‌ಟಿ ಮತ್ತು ಅಳವಡಿಕೆ ಸೇರಿಸಿ ದರ ಕೊಟ್ಟಿದ್ದಾರೆಯೇ? ಒಬ್ಬರು ಅಳವಡಿಕೆ ಬಿಟ್ಟಿದ್ದರೆ ಅವರು ಕಡಿಮೆ ದರದವರು ಆಗುವುದೇ ಇಲ್ಲ. ಮೂರೂ ಪಟ್ಟಿ ಒಂದೇ ಕೈಬರಹದಲ್ಲಿದ್ದರೆ ಅಲ್ಲಿಗೇ ನಿಲ್ಲಿಸಿ, ಹೊಸದಾಗಿ ತರಿಸಿ.

ನಿಯಮ: ಎರಡು ಬೇರೆ ಪ್ರಶ್ನೆಗಳು

ಹೆಚ್ಚು ಜನ ತಪ್ಪುವುದು ಇಲ್ಲಿ. "ನಿಯಮಾನುಸಾರ ಅವಕಾಶವಿದೆ" ಎಂದು ಬರೆದರೆ ಏನನ್ನೂ ಹೇಳಿದಂತಾಗಲಿಲ್ಲ. ನಿಯಮ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡಬೇಕು.

ಒಂದು, ಇಷ್ಟು ಹಣ ಮಂಜೂರು ಮಾಡಲು ಈ ಅಧಿಕಾರಿಗೆ ಅಧಿಕಾರವಿದೆಯೇ? ಇದಕ್ಕೆ ಇಲಾಖೆಯ ಆರ್ಥಿಕ ಅಧಿಕಾರ ಪ್ರತ್ಯಾಯೋಜನೆ ಆದೇಶ ನೋಡಬೇಕು. ಆದೇಶದ ಸಂಖ್ಯೆ, ದಿನಾಂಕ, ಅನುಬಂಧದ ಕ್ರಮಸಂಖ್ಯೆ ಬರೆದು, ಆ ಪುಟದ ಪ್ರತಿ ಲಗತ್ತಿಸಿ.

ಎರಡು, ಟೆಂಡರ್ ಇಲ್ಲದೆ ಕೊಳ್ಳಬಹುದೇ? ಇದಕ್ಕೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಅಂದರೆ ಎಲ್ಲರೂ ಕೆಟಿಪಿಪಿ ಎನ್ನುವ ಕಾಯ್ದೆ. ಸಣ್ಣ ಮೊತ್ತದ ಖರೀದಿಗೆ ಅದರ ಕಲಂ 4(ಇ) ವಿನಾಯಿತಿ ಕೊಡುತ್ತದೆ. ಮಿತಿಗೆ ತಿದ್ದುಪಡಿ ಬರುತ್ತಿರುತ್ತದೆ, ಹಾಗಾಗಿ ಹಳೆಯ ಕಡತದಿಂದ ಅಂಕಿ ಎತ್ತಿಕೊಳ್ಳದೆ ಚಾಲ್ತಿಯಲ್ಲಿರುವ ತಿದ್ದುಪಡಿ ನೋಡಿ. 4(ಜಿ) ಇದೇ ಅಂದುಕೊಳ್ಳಬೇಡಿ. ಅದರಡಿ ನಿರ್ದಿಷ್ಟ ಖರೀದಿಗೆ ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು, ಕಚೇರಿ ಹಂತದಲ್ಲಿ ಬಳಸಲು ಬರುವುದಿಲ್ಲ.

ಮಿತಿಯೊಳಗೆ ತರಲು ಪಂಪಿಗೆ ಒಂದು, ಪೈಪಿಗೆ ಒಂದು, ಅಳವಡಿಕೆಗೆ ಒಂದು ಎಂದು ಕಡತ ಒಡೆಯಬಾರದು. ಒಂದೇ ಕೆಲಸಕ್ಕೆ, ಹತ್ತಿರದ ದಿನಾಂಕಗಳಲ್ಲಿ, ಒಬ್ಬರಿಗೇ ಹೋದ ಬಿಲ್ಲುಗಳು ಲೆಕ್ಕ ತಪಾಸಣೆಯವರ ಕಣ್ಣಿಗೆ ಮೊದಲು ಬೀಳುತ್ತವೆ.

ಹಣ ಇದೆಯೇ?

"ಅನುದಾನ ಲಭ್ಯವಿದೆ" ಎಂಬ ಮಾತಿನ ಜಾಗದಲ್ಲಿ ಲೆಕ್ಕ ಬರೆಯಿರಿ. ಈ ಸಾಲಿನ ಹಂಚಿಕೆ 3,00,000. ಖರ್ಚಾಗಿರುವುದು 1,86,000. ಉಳಿಕೆ 1,14,000. ಆದರೆ ಖಜಾನೆಗೆ ಇನ್ನೂ ಹೋಗದ 40,000 ರೂಪಾಯಿ ಬಿಲ್ಲುಗಳು ಮೇಜಿನ ಮೇಲಿವೆ, ಅವನ್ನು ಕಳೆಯಬೇಕು. ನಿಜವಾಗಿ ಕೈಯಲ್ಲಿರುವುದು 74,000. ಈ ಖರ್ಚಿನ ನಂತರ 25,500 ಉಳಿಯುತ್ತದೆ.

ಲೆಕ್ಕ ಶೀರ್ಷಿಕೆಯ ಕೊನೆಯ ವಿವರವನ್ನೂ ಯೋಚಿಸಿ. ವೈಂಡಿಂಗ್ ಮಾಡಿಸಿದರೆ ಅದು ನಿರ್ವಹಣೆ. ಹೊಸ ಪಂಪ್ ಕೊಂಡರೆ ಯಂತ್ರೋಪಕರಣ ಎಂದು ಆಕ್ಷೇಪ ಬರಬಹುದು. ಯಾವುದರಡಿ, ಯಾಕೆ ಎಂದು ಒಂದು ಸಾಲು ಈಗಲೇ ಬರೆದರೆ ಬಿಲ್ಲು ಖಜಾನೆಯಿಂದ ವಾಪಸ್ ಬರುವ ಸಾಧ್ಯತೆ ಕಡಿಮೆ.

ಪೂರ್ವನಿದರ್ಶನ

"ಈ ಹಿಂದೆಯೂ ಮಂಜೂರು ಮಾಡಲಾಗಿದೆ" ಎಂದರೆ ಸಾಲದು. ಯಾವ ಕಡತ, ಯಾವ ದಿನಾಂಕದ ಆದೇಶ, ಯಾರು ಮಂಜೂರು ಮಾಡಿದರು, ಎಷ್ಟು ಎಂದು ಬರೆದು ಪ್ರತಿ ಇಡಿ. ಆಮೇಲೆ ಮುಖ್ಯವಾದದ್ದು: ಅದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಹೇಳಿ. ಕಳೆದ ವರ್ಷ ಇನ್ನೊಂದು ನಿಲಯಕ್ಕೆ 46,000 ರೂಪಾಯಿಯ ಪಂಪ್ ಮಂಜೂರಾಗಿದೆ ಅಂದುಕೊಳ್ಳಿ. ಅದು ಬರಗಾಲದ ವಿಶೇಷ ಅನುದಾನದಿಂದ ಆಗಿದ್ದರೆ, ದರ ಹೆಚ್ಚುಕಡಿಮೆ ಸರಿ ಇದೆ ಎನ್ನುವುದಕ್ಕೆ ಅದು ನೆರವಾದೀತು. ಈ ಶೀರ್ಷಿಕೆಯಿಂದ ಖರ್ಚು ಮಾಡಬಹುದು ಎನ್ನುವುದಕ್ಕೆ ಆಗದು. ಇಲ್ಲದ ಅಧಿಕಾರವನ್ನು ಪೂರ್ವನಿದರ್ಶನ ಕೊಡುವುದಿಲ್ಲ. ಆ ಕಡತದ ಮೇಲೆ ತಪಾಸಣಾ ಆಕ್ಷೇಪಣೆ ಬಂದಿದ್ದರೆ ಅದನ್ನೂ ಬರೆಯಿರಿ. ಮುಚ್ಚಿಟ್ಟರೆ ಸಹಿ ಹಾಕಿದವರನ್ನು ನಾವೇ ಸಿಕ್ಕಿಸಿದಂತೆ.

ಈಗ ಚೀಟಿಯಲ್ಲಿದ್ದ ವಾಕ್ಯ

ಕೊನೆಯ ಕಂಡಿಕೆ ಹೀಗಿರಲಿ:

"8. ಕಂಡಿಕೆ 2ರ ಅಗತ್ಯ, ಕಂಡಿಕೆ 4 ಮತ್ತು 5ರ ನಿಯಮಗಳು ಹಾಗೂ ಕಂಡಿಕೆ 6ರ ಅನುದಾನದ ಹಿನ್ನೆಲೆಯಲ್ಲಿ, ಸದರಿ ವಿದ್ಯಾರ್ಥಿನಿಲಯಕ್ಕೆ 5 ಎಚ್‌ಪಿ ಪಂಪ್ ಅನ್ನು ಕನಿಷ್ಠ ದರ ನಮೂದಿಸಿರುವ, ಪತ್ರ ಭಾಗದ ಪುಟ 7ರ ಸರಬರಾಜುದಾರರಿಂದ ಅಳವಡಿಕೆ ಮತ್ತು ಜಿಎಸ್‌ಟಿ ಸೇರಿ ರೂ. 48,500ಕ್ಕೆ (ನಲವತ್ತೆಂಟು ಸಾವಿರದ ಐನೂರು ಮಾತ್ರ) ಖರೀದಿಸಲು ಮಂಜೂರಾತಿ ನೀಡಬಹುದು. ವೆಚ್ಚವನ್ನು ಕಂಡಿಕೆ 6ರ ಲೆಕ್ಕ ಶೀರ್ಷಿಕೆಯಿಂದ ಭರಿಸಬಹುದು. ಒಪ್ಪಿದಲ್ಲಿ, ಕರಡು ಆದೇಶವನ್ನು ಅನುಮೋದನೆಗೆ ಸಲ್ಲಿಸಿದೆ."

ಎರಡು ದಾರಿಗಳಿದ್ದರೆ ಎರಡನ್ನೂ ಇಟ್ಟು, ನಿಮ್ಮ ಶಿಫಾರಸು ಯಾವುದು ಎಂದು ಹೇಳಿ. ಕೆಲಸ ಆಗಲೇ ಮುಗಿದಿದ್ದರೆ ಕೇಳಬೇಕಾದದ್ದು "ಘಟನೋತ್ತರ ಅನುಮೋದನೆ". ಮೊದಲೇ ಕೇಳಲು ಆಗದ ಕಾರಣವನ್ನು ದಿನಾಂಕಗಳೊಂದಿಗೆ ಬರೆಯಬೇಕು. ಹೊಸ ಪ್ರಸ್ತಾವದಂತೆ ಬರೆದು, ಬಿಲ್ಲಿನ ದಿನಾಂಕ ಹಿಂದಿನದಾಗಿದ್ದರೆ ಇಡೀ ಕಡತವೇ ಅನುಮಾನಕ್ಕೆ ಬೀಳುತ್ತದೆ.

ಇ-ಆಫೀಸ್‌ನಲ್ಲಿ ಹಸಿರು ಟಿಪ್ಪಣಿ ಒಮ್ಮೆ ಕಳಿಸಿದ ಮೇಲೆ ತಿದ್ದಲು ಬರುವುದಿಲ್ಲ. ಆದ್ದರಿಂದ ಹಳದಿ ಟಿಪ್ಪಣಿಯಲ್ಲಿ ಕರಡು ಇಟ್ಟು, ಅಂಕಿ ಮತ್ತು ಅಕ್ಷರದ ಮೊತ್ತ, ಪುಟ ಸಂಖ್ಯೆಗಳನ್ನು ತಾಳೆ ನೋಡಿ. ಆಮೇಲೆ ತಪ್ಪು ಕಂಡರೆ ಮುಂದಿನ ಕಂಡಿಕೆಯಲ್ಲಿ "ಕಂಡಿಕೆ 6ರಲ್ಲಿ ಇಂಥದ್ದನ್ನು ಹೀಗೆ ಓದಿಕೊಳ್ಳುವುದು" ಎಂದು ಸರಿಪಡಿಸಿ, ಸಹಿಗೆ ಮುಂಚೆಯೇ ಅಧಿಕಾರಿಯ ಗಮನಕ್ಕೆ ತನ್ನಿ.