ನನ್ನ ಅನುಭವ: ಕಾಳಿ ಅಳಿವೆಯ ಸರ್ವೆ ದೋಣಿಗೆ Q, R ಆರಿಸಿದ ಬಗೆ

ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಕಾಳಿ ನದಿ ಸಮುದ್ರ ಸೇರುವಲ್ಲಿ, ಆಳ ಅಳೆಯುವ ಸಣ್ಣ ದೋಣಿ ನೇರ ಗೆರೆ ಹಿಡಿದು ಹೋಗಬೇಕು. ಇದಕ್ಕೆ ಚುಕ್ಕಾಣಿ ಇಲ್ಲ. ಎಡ ಬಲದ ಎರಡು ಥ್ರಸ್ಟರ್‌ಗಳ ತಳ್ಳುವಿಕೆಯಲ್ಲಿ ವ್ಯತ್ಯಾಸ ಮಾಡಿ ಮೂತಿ ತಿರುಗಿಸುವುದು. ಆ ವ್ಯತ್ಯಾಸವನ್ನು u ಎನ್ನೋಣ, ಪೂರ್ತಿ ಎಡಕ್ಕೆ −1, ಪೂರ್ತಿ ಬಲಕ್ಕೆ +1. ಇಲ್ಲಿ ಹೇಳುವುದು ಮೂತಿಯ ದಿಕ್ಕು ಹಿಡಿಯುವ ಎಲ್‌ಕ್ಯೂಆರ್ ಬಗ್ಗೆ ಮಾತ್ರ. ಅದು ತಪ್ಪಿಗೂ ಶ್ರಮಕ್ಕೂ ತೂಕ ಕಟ್ಟಿ, ಎರಡರ ಒಟ್ಟು ಬೆಲೆ ಅತಿ ಕಡಿಮೆಯಾಗುವಂತೆ u ಆರಿಸುವ ನಿಯಂತ್ರಣ ವಿಧಾನ. ತಪ್ಪಿನ ತೂಕ Q, ಶ್ರಮದ ತೂಕ R.

ಮೊದಲು ಮಾದರಿ. ಭರತ ಇಳಿತಗಳ ಮಧ್ಯೆ ನೀರು ನಿಂತಂತಿರುವ ಹೊತ್ತಿನಲ್ಲಿ u = 0.5 ಕೊಟ್ಟು ದೋಣಿಯನ್ನು ಸುಮ್ಮನೆ ಸುತ್ತಲು ಬಿಡಬೇಕು. ತಿರುಗುವ ವೇಗ ಸೆಕೆಂಡಿಗೆ 23 ಡಿಗ್ರಿಗೆ ನಿಂತಿತು, ಅದರ 63 ಶೇಕಡಾ ಮುಟ್ಟಲು 2 ಸೆಕೆಂಡ್ ಬೇಕಾಯಿತು ಎಂದುಕೊಳ್ಳಿ. ಕೋನವನ್ನು ರೇಡಿಯನ್ನಿನಲ್ಲಿ ಅಳೆದರೆ ಅಷ್ಟರಿಂದಲೇ r' = −0.5 r + 0.4 u ಸಿಗುತ್ತದೆ, r' ಎಂದರೆ ತಿರುಗುವ ವೇಗ r ಬದಲಾಗುವ ದರ. ಸ್ಥಿತಿಗಳು ಎರಡೇ: ಕೋನದ ತಪ್ಪು ಮತ್ತು ತಿರುಗುವ ವೇಗ r. ಕೋನದ ತಪ್ಪನ್ನು ±180 ಡಿಗ್ರಿಯೊಳಗೆ ಮಡಿಸಿಕೊಳ್ಳಲು ಮರೆತರೆ ಉತ್ತರಕ್ಕೆ ಮುಖ ಮಾಡಿದಾಗ ದೋಣಿ ಒಂದು ಪೂರ್ತಿ ಸುತ್ತು ಹಾಕುತ್ತದೆ. ಆಗ Q ಮೇಲೆ ಸಂಶಯ ಪಡಬೇಡಿ.

ಇನ್ನು ತೂಕಗಳು. Q ಯಲ್ಲಿ 1 ಹಾಕಿ, R ನಲ್ಲಿ 1 ಹಾಕಿ ಶುರು ಮಾಡಿದರೆ ರೇಡಿಯನ್ನನ್ನೂ ಥ್ರಸ್ಟರ್ ಆಜ್ಞೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ. ಅದಕ್ಕಿಂತ ಬ್ರೈಸನ್ ನಿಯಮ ಮೇಲು: ಪ್ರತಿಯೊಂದಕ್ಕೂ ನಾವು ಸಹಿಸುವ ಅತಿ ಹೆಚ್ಚಿನ ಬೆಲೆ ಎಷ್ಟು ಎಂದು ಕೇಳಿಕೊಂಡು, ಅದರ ವರ್ಗದ ವಿಲೋಮವನ್ನು ಕರ್ಣದ ಮೇಲೆ ಇಡುವುದು. ಕೋನ 10 ಡಿಗ್ರಿ, ವೇಗ ಸೆಕೆಂಡಿಗೆ 20 ಡಿಗ್ರಿ, u ಗೆ 0.5 ಎಂದು ಇಟ್ಟೆ. ಥ್ರಸ್ಟರ್ ಅರ್ಧ ಮಾತ್ರ ಬಳಸಿದ್ದು ಏಕೆಂದರೆ ಉಳಿದರ್ಧ ಮುಂದೆ ಸಾಗಲು ಬೇಕು.

```python
import numpy as np
from scipy.linalg import solve_continuous_are
A = np.array([[0, 1], [0, -0.5]])
B = np.array([[0], [0.4]])
Q = np.diag([1/np.radians(10)**2, 1/np.radians(20)**2])
R = np.array([[1/0.5**2]])
P = solve_continuous_are(A, B, Q, R)
K = np.linalg.solve(R, B.T @ P)
print(K)
```

ಬರುವ K ಸುಮಾರು 2.86 ಮತ್ತು 2.99. ಇವೇ k1, k2: ಕೋನದ ತಪ್ಪನ್ನು k1 ರಿಂದ, ತಿರುಗುವ ವೇಗವನ್ನು k2 ರಿಂದ ಗುಣಿಸಿ ಕೂಡಿಸಿ, ಅದರ ವಿರುದ್ಧ ದಿಕ್ಕಿಗೆ u ಕೊಡುವುದು. ಮೊದಲ ಸಂಖ್ಯೆ ಎಲ್ಲಿಂದ ಬಂತು ನೋಡಿ: ಈ ಎರಡು ಸ್ಥಿತಿಯ ಮಾದರಿಯಲ್ಲಿ ಕೋನದ ತೂಕವನ್ನು q1 ಎಂದರೆ k1 = √(q1/R), ಅಂದರೆ 0.5 ಅನ್ನು 10 ಡಿಗ್ರಿಯ ರೇಡಿಯನ್ನಿಂದ ಭಾಗಿಸಿದ್ದು, ಅಷ್ಟೇ. 10 ಡಿಗ್ರಿ ತಪ್ಪಿದರೆ ಅರ್ಧ ಥ್ರಸ್ಟರ್, 20 ಡಿಗ್ರಿ ತಪ್ಪಿದರೆ ಪೂರ್ತಿ. ಶ್ರಮ ಮತ್ತು ತಪ್ಪಿನ ನಡುವಿನ ಚೌಕಾಸಿ ಎಂದರೆ ಈ ಒಂದು ಅನುಪಾತ. Q, R ಎರಡನ್ನೂ ಹತ್ತು ಪಟ್ಟು ಮಾಡಿದರೆ K ಕದಲುವುದೇ ಇಲ್ಲ. ಆದ್ದರಿಂದ ನಾನು Q ಯನ್ನು ಹಿಡಿದಿಟ್ಟು R ಒಂದನ್ನೇ ಆಡಿಸುತ್ತೇನೆ, ಒಂದು ಸಲಕ್ಕೆ ಹತ್ತು ಪಟ್ಟು. ವರ್ಗಮೂಲ ಇರುವುದರಿಂದ ಆಗಲೂ k1 ಬದಲಾಗುವುದು 3.16 ಪಟ್ಟು ಮಾತ್ರ. R ಅನ್ನು 4 ರಿಂದ 3 ಕ್ಕೆ ಇಳಿಸಿ ವ್ಯತ್ಯಾಸ ಹುಡುಕುವುದು ವ್ಯರ್ಥ.

R ಅನ್ನು 0.4 ಕ್ಕೆ ಇಳಿಸಿದರೆ k1 = 9.06. ಕಾಗದದ ಮೇಲೆ ತುಂಬ ಚೆಂದ, ತಪ್ಪು ಬೇಗ ಮುಗಿಯುತ್ತದೆ. ನೀರಿನಲ್ಲಿ ದೋಣಿ ಹಾವಿನಂತೆ ಹೊರಳುತ್ತದೆ. ಇಲ್ಲಿಯೇ ಹೆಚ್ಚಿನವರು ದಾರಿ ತಪ್ಪುವುದು. ಹೊರಳಿದ್ದನ್ನು ನೋಡಿ ವೇಗದ ತೂಕ q2 ಹೆಚ್ಚಿಸುತ್ತಾರೆ, ಡ್ಯಾಂಪಿಂಗ್, ಅಂದರೆ ತೂಗಾಟ ಅಡಗಿಸುವ ಶಕ್ತಿ, ಕಡಿಮೆಯಾಗಿದೆ ಎಂದುಕೊಂಡು. ಆದರೆ ಈ ಮಾದರಿಯಲ್ಲಿ q2 ಸೊನ್ನೆ ಇಟ್ಟರೂ ಎಲ್‌ಕ್ಯೂಆರ್ ಕೊಡುವ ಡ್ಯಾಂಪಿಂಗ್ ಅನುಪಾತ 0.707 ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಹಾಗಾದರೆ ಹೊರಳಾಟ ತೂಕದಿಂದ ಬಂದದ್ದಲ್ಲ. ಮಾದರಿಗೆ ಗೊತ್ತಿಲ್ಲದ ಏನೋ ಒಂದು ನಡುವೆ ಇದೆ. ಅದು ವಿಳಂಬ.

ಕಂಪಾಸ್ ಫಿಲ್ಟರ್, ಆಜ್ಞೆ ಹೋಗುವ ಹೊತ್ತು, ಮೋಟಾರು ವೇಗ ಹಿಡಿಯುವ ಹೊತ್ತು ಎಲ್ಲ ಕೂಡಿದರೆ 0.3 ಸೆಕೆಂಡ್ ಆಗುವುದು ಕಷ್ಟವೇನಲ್ಲ. ಎಲ್‌ಕ್ಯೂಆರ್ ಕನಿಷ್ಠ 60 ಡಿಗ್ರಿ ಫೇಸ್ ಮಾರ್ಜಿನ್, ಅಂದರೆ ದೋಣಿ ಅಸ್ಥಿರವಾಗುವ ಮೊದಲು ವಿಳಂಬ ತಿನ್ನಬಹುದಾದ ಕೋನ, ಕೊಡುತ್ತದೆ ಎಂಬ ಮಾತು ನಿಜ, ಆದರೆ ಬರೆದ ಮಾದರಿಗೆ ಮಾತ್ರ, ಅದೂ ಎಲ್ಲ ಸ್ಥಿತಿಗಳು ನೇರವಾಗಿ ಅಳತೆಗೆ ಸಿಕ್ಕಾಗ. (ನಡುವೆ ಅಳತೆಯಿಂದ ಸ್ಥಿತಿಯನ್ನು ಅಂದಾಜಿಸುವ ಕಲ್ಮನ್ ಫಿಲ್ಟರ್ ಕೂರಿಸಿದರೆ ಆ ಭರವಸೆಯೂ ಇಲ್ಲ. ಇದನ್ನು ನಿಯಂತ್ರಣ ತಜ್ಞ ಜಾನ್ ಡಾಯ್ಲ್ 1978 ರಲ್ಲೇ ತೋರಿಸಿದ್ದಾರೆ.) ಲೆಕ್ಕ ಹಾಕಿ ನೋಡಿ. R = 4 ಆದಾಗ ಲೂಪ್ ಗೇನ್ 1 ಆಗುವ, ಅಂದರೆ ಲೂಪನ್ನು ಒಂದು ಸುತ್ತು ಬಂದ ಸಂಕೇತ ಅಷ್ಟೇ ಗಾತ್ರದಲ್ಲಿ ಮರಳುವ, ಆವರ್ತನ ಸೆಕೆಂಡಿಗೆ 1.37 ರೇಡಿಯನ್, ಮಾರ್ಜಿನ್ ಸುಮಾರು 75 ಡಿಗ್ರಿ. ವಿಳಂಬ ಅದರಲ್ಲಿ 24 ಡಿಗ್ರಿ ತಿನ್ನುತ್ತದೆ, 51 ಉಳಿಯುತ್ತದೆ. R = 0.4 ಕ್ಕೆ ಆ ಆವರ್ತನ 3 ರೇಡಿಯನ್‌ಗೆ ಏರಿ, ವಿಳಂಬ 51 ಡಿಗ್ರಿ ತಿಂದು, ಉಳಿಯುವುದು 25. R = 0.04 ಕ್ಕೆ ಇಳಿಸಿದರೆ ವಿಳಂಬದ ಪಾಲೇ 123 ಡಿಗ್ರಿ, ದೋಣಿ ಸ್ಥಿರವಾಗುವುದೇ ಇಲ್ಲ. ಲಾಗ್ ತೆರೆದು ನೋಡಿದರೆ ಗುರುತು ಸಿಗುತ್ತದೆ: ಮೂತಿ ಸುಮಾರು ಎರಡು ಸೆಕೆಂಡಿಗೊಮ್ಮೆ ಆಚೀಚೆ ಆಡುತ್ತಿದ್ದರೆ ಅದು ಸೆಕೆಂಡಿಗೆ 3 ರೇಡಿಯನ್, R = 0.4 ರ ಆವರ್ತನವೇ.

ಎರಡನೆಯ ಗುರುತು ಥ್ರಸ್ಟರಿನ ಸದ್ದು. ಕಂಪಾಸ್ ಒಂದು ಡಿಗ್ರಿ ಅಲುಗಿದರೆ R = 4 ಕ್ಕೆ u ಶೇಕಡಾ 5 ರಷ್ಟು ಅಲುಗುತ್ತದೆ, 0.4 ಕ್ಕೆ ಶೇಕಡಾ 16. ದೋಣಿ ನೇರ ಹೋಗುತ್ತಿರುವಾಗಲೂ ಮೋಟಾರು ಗುರುಗುಟ್ಟುತ್ತಿದ್ದರೆ ಬ್ಯಾಟರಿ ಕರಗುತ್ತಿರುವುದು ಗದ್ದಲಕ್ಕೆ, ಗೆರೆ ಹಿಡಿಯಲಿಕ್ಕಲ್ಲ. R ನ ಕೆಳಮಿತಿಯನ್ನು ನಿರ್ಧರಿಸುವುದು ಈ ಎರಡೇ, ವಿಳಂಬ ಮತ್ತು ಗದ್ದಲ. ನಾನು ವಿಳಂಬ ಕಳೆದು 45 ಡಿಗ್ರಿ ಉಳಿಯುವವರೆಗೆ ಮಾತ್ರ R ಇಳಿಸುತ್ತೇನೆ.

ಆದರೂ R ಇಳಿಸಲು ಕೈ ತುರಿಸುವುದು ಇಳಿತದ ಹೊತ್ತಿನಲ್ಲಿ. ನೀರು ಸಮುದ್ರದ ಕಡೆ ಎಳೆಯುವಾಗ ಮೂತಿಯ ಮೇಲೆ ಒಂದೇ ಸಮನೆ ಒತ್ತಡ ಬೀಳುತ್ತದೆ. ಅದನ್ನು ತಡೆಯಲು u = 0.2 ಬೇಕು ಎಂದರೆ, k1 = 2.86 ರಲ್ಲಿ ದೋಣಿ 4 ಡಿಗ್ರಿ ತಪ್ಪಿಟ್ಟುಕೊಂಡೇ ಸಾಗುತ್ತದೆ. R ಹತ್ತರಲ್ಲೊಂದು ಮಾಡಿದರೂ 1.3 ಡಿಗ್ರಿ ಉಳಿಯುತ್ತದೆ, ಹೊರಳಾಟ ಬೇರೆ. ಈ ತಪ್ಪು ತೂಕದಿಂದ ಹೋಗುವಂಥದ್ದಲ್ಲ. ಕೋನದ ತಪ್ಪಿನ ಇಂಟೆಗ್ರಲ್ ಅನ್ನು, ಅಂದರೆ ಹೊತ್ತು ಕಳೆದಂತೆ ಕೂಡುತ್ತ ಹೋಗುವ ತಪ್ಪಿನ ಮೊತ್ತವನ್ನು, ಮೂರನೆಯ ಸ್ಥಿತಿಯಾಗಿ ಸೇರಿಸಬೇಕು. ಅದಕ್ಕೂ ಅದೇ ನಿಯಮ: 10 ಡಿಗ್ರಿ ತಪ್ಪನ್ನು 3 ಸೆಕೆಂಡ್ ಸಹಿಸುತ್ತೇನೆ ಎಂದರೆ 0.52 ರೇಡಿಯನ್-ಸೆಕೆಂಡ್, ತೂಕ ಸುಮಾರು 3.65.

ಸೇರಿಸಿದ ಮೇಲೆ K ಪೂರ್ತಿ ಹೊಸದಾಗಿ ಬರುತ್ತದೆ. ಹಳೆಯ ತೂಕಗಳನ್ನು ಮುಟ್ಟದಿದ್ದರೂ k1 2.86 ರಿಂದ 4.2 ಕ್ಕೆ, k2 2.99 ರಿಂದ 3.7 ಕ್ಕೆ ಏರುತ್ತವೆ. ವಿಳಂಬ ಕಳೆದು ಉಳಿಯುವ ಮಾರ್ಜಿನ್ 51 ರಿಂದ ಸುಮಾರು 41 ಕ್ಕೆ ಇಳಿಯುತ್ತದೆ. ನನ್ನ 45 ರ ಗೆರೆಯ ಕೆಳಗೆ ಹೋದದ್ದರಿಂದ ಮೊದಲು ಸಡಿಲಿಸುವುದು ಇಂಟೆಗ್ರಲ್ಲಿನ ಸಹನೆಯನ್ನು, 3 ಸೆಕೆಂಡನ್ನು 6 ಅಥವಾ 9 ಮಾಡಿ. ಇಳಿತದ ಎಳೆತ ಗಂಟೆಗಟ್ಟಲೆ ನಿಧಾನವಾಗಿ ಬದಲಾಗುವುದರಿಂದ ಅಷ್ಟು ಅವಸರ ಬೇಕಿಲ್ಲ. u ±1 ಮುಟ್ಟಿದಾಗ ಇಂಟೆಗ್ರಲ್ ಬೆಳೆಯುವುದನ್ನು ನಿಲ್ಲಿಸಿ, ಇಲ್ಲವಾದರೆ ಗೆರೆಯ ಕೊನೆಯಲ್ಲಿ 180 ಡಿಗ್ರಿ ತಿರುಗಿದ ಮೇಲೆ ದೋಣಿ ಹೊಸ ಗೆರೆಯನ್ನು ದಾಟಿ ಬಹಳ ಹೊತ್ತು ವಾಲಿಕೊಂಡೇ ಇರುತ್ತದೆ. ಆ ತಿರುವಿನಲ್ಲಿ ಗುರಿಯ ಕೋನವನ್ನೂ ಒಮ್ಮೆಲೇ ಬದಲಿಸದೆ ಸೆಕೆಂಡಿಗೆ 20 ಡಿಗ್ರಿಯಂತೆ ಸರಿಸುತ್ತೇನೆ, Q ಯಲ್ಲಿ ಬರೆದ ಅದೇ ಅಂಕಿ.