ಟ್ರಂಕಿನ ಪಾಸ್‌ಬುಕ್‌ನಿಂದ ಬ್ಯಾಂಕಿನ ಕೌಂಟರ್‌ವರೆಗೆ: ತೀರಿಕೊಂಡವರ ಹಣ ಹುಡುಕಿ ಪಡೆಯುವುದು ಹೇಗೆ?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದ ನಮ್ಮ ಸೋದರಮಾವ 2012ರಲ್ಲಿ ತೀರಿಕೊಂಡರು. ಅತ್ತೆ ಕೆಲವು ವರ್ಷಗಳ ನಂತರ ಹೋದರು. ಮೊನ್ನೆ ಹಳೇ ಮನೆ ಖಾಲಿ ಮಾಡುವಾಗ ಟ್ರಂಕಿನ ತಳದಲ್ಲಿ ಮೂರು ವಸ್ತು ಸಿಕ್ಕವು: ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಹರಿದ ಪಾಸ್‌ಬುಕ್, 40,000 ರೂಪಾಯಿಯ ಒಂದು ಎಫ್.ಡಿ. ರಸೀದಿ, ಎಲ್‌ಐಸಿ ಪ್ರೀಮಿಯಂ ಕಟ್ಟಿದ ಚೀಟಿಗಳ ಕಟ್ಟು. ಪಾಲಿಸಿ ಬಾಂಡ್ ಇರಲಿಲ್ಲ. ಮಾವನ ಮಗ ಕೇಳಿದ್ದು ಒಂದೇ ಮಾತು: "ಆ ಬ್ಯಾಂಕೇ ಇಲ್ಲವಲ್ಲ, ಇನ್ನು ದುಡ್ಡೆಲ್ಲಿ?"

ದುಡ್ಡು ಇದೆ. ಎರಡು ವರ್ಷ ಯಾರೂ ಹಣ ಹಾಕದೆ, ತೆಗೆಯದೆ ಇದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಕಳೆದರೆ ಬ್ಯಾಂಕ್ ಆ ಹಣವನ್ನು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸುತ್ತದೆ. 2014ರಿಂದ ಈ ವ್ಯವಸ್ಥೆ ಇದೆ. ಅಲ್ಲಿಗೆ ಹೋದ ಮಾತ್ರಕ್ಕೆ ವಾರಸುದಾರರ ಹಕ್ಕು ಹೋಗುವುದಿಲ್ಲ. ನಿಮಗೆ ಹಣ ಕೊಡಬೇಕಾದದ್ದು ಬ್ಯಾಂಕೇ. ನಿಧಿಯಿಂದ ವಾಪಸ್ ಪಡೆದುಕೊಳ್ಳುವುದು ಅವರ ತಲೆನೋವು.

ಹುಡುಕುವುದು

udgam.rbi.org.in ಎಂಬ ತಾಣ ರಿಸರ್ವ್ ಬ್ಯಾಂಕಿನದು. 2023ರ ಆಗಸ್ಟ್‌ನಲ್ಲಿ ಶುರುವಾಯಿತು. ನಿಮ್ಮ ಮೊಬೈಲ್ ನಂಬರಿನಿಂದ ನೋಂದಾಯಿಸಿಕೊಂಡು, ಓಟಿಪಿ ಹಾಕಿ ಒಳಗೆ ಹೋಗಬೇಕು. ಶುಲ್ಕ ಇಲ್ಲ. ಖಾತೆದಾರರ ಹೆಸರು, ಬ್ಯಾಂಕು, ಜೊತೆಗೆ ಪ್ಯಾನ್, ವೋಟರ್ ಐಡಿ, ಲೈಸೆನ್ಸ್, ಪಾಸ್‌ಪೋರ್ಟ್, ಹುಟ್ಟಿದ ದಿನ ಇವುಗಳಲ್ಲಿ ಒಂದನ್ನಾದರೂ ಕೇಳುತ್ತದೆ. ಯಾವುದೂ ಇಲ್ಲದಿದ್ದರೆ ವಿಳಾಸ ಕೊಡಬಹುದು.

ಇಲ್ಲೇ ಜಾಸ್ತಿ ಜನ ಸೋಲುವುದು. ನಾವು ನಮಗೆ ಗೊತ್ತಿರುವ ಮಾವನನ್ನು ಹುಡುಕುತ್ತೇವೆ. ಹುಡುಕಬೇಕಾದದ್ದು ಅಂದಿನ ಗುಮಾಸ್ತರು ಲೆಡ್ಜರಿನಲ್ಲಿ ಬರೆದ ಮಾವನನ್ನು. ನಮ್ಮ ಕೈಲಿ ಮೊದಲ ಎರಡು ಪ್ರಯತ್ನದಲ್ಲಿ ಏನೂ ಸಿಗಲಿಲ್ಲ.

ಮೊದಲನೆಯದು ಬ್ಯಾಂಕಿನ ಹೆಸರು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಎಸ್‌ಬಿಐಗೆ ಸೇರಿತು. ಹಾಗಾಗಿ ಎಸ್‌ಬಿಐ ಎಂದೇ ಆರಿಸಬೇಕು. ವಿಜಯಾ ಬ್ಯಾಂಕ್ ಆಗಿದ್ದರೆ ಬ್ಯಾಂಕ್ ಆಫ್ ಬರೋಡ, ಸಿಂಡಿಕೇಟ್ ಆಗಿದ್ದರೆ ಕೆನರಾ, ಕಾರ್ಪೊರೇಷನ್ ಆಗಿದ್ದರೆ ಯೂನಿಯನ್ ಬ್ಯಾಂಕ್. ಹಳೇ ಕೋಲಾರ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಇದ್ದರೆ ಇಂದಿನ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಶಾಖೆಗೆ ಹೋಗಿ ಕೇಳಿ.

ಎರಡನೆಯದು ಇಂಗ್ಲಿಷ್ ಸ್ಪೆಲ್ಲಿಂಗ್. Narayanaswamy ಎಂಬ ಒಂದು ಹೆಸರನ್ನು Narayana Swamy ಎಂದೂ Narayanaswami ಎಂದೂ ಬರೆಯುತ್ತಾರೆ. ಇನಿಷಿಯಲ್ ಹಿಂದೆಯೂ ಇರಬಹುದು, ಮುಂದೆಯೂ ಇರಬಹುದು. ಪಾಸ್‌ಬುಕ್‌ನಲ್ಲಿ ಇದ್ದಂತೆ ಅಕ್ಷರ ಬಿಡದೆ ಟೈಪ್ ಮಾಡಿ ಶುರು ಮಾಡಿ.

ಮೂರನೆಯದು ವಿಳಾಸ. ಆ ಕಾಲದವರ ಹುಟ್ಟಿದ ದಿನ ಎಷ್ಟೋ ಸಲ ಶಾಲೆಯ ಮೇಷ್ಟ್ರು ಹಾಕಿದ್ದು. ಅದಕ್ಕೇ ವಿಳಾಸವೇ ಉಪಯೋಗಕ್ಕೆ ಬರುತ್ತದೆ. ಆದರೆ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮೊದಲು ತೆರೆದ ಖಾತೆಯಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಎಲ್ಲ ಕೋಲಾರ ಜಿಲ್ಲೆಯೇ. ನಾವು Kolar ಎಂದು ಹಾಕಿದ ಮೇಲೆ, Sidlaghatta ಎಂಬ ಸ್ಪೆಲ್ಲಿಂಗ್‌ನಲ್ಲಿ ಮಾವ ಸಿಕ್ಕರು.

ತೆರೆಯ ಮೇಲೆ ಎಷ್ಟು ಹಣ ಇದೆ ಎಂದು ಕಾಣುವುದಿಲ್ಲ. UDRN ಎಂಬ ಒಂದು ಸಂಖ್ಯೆ ಬರುತ್ತದೆ. ಅದನ್ನು ಬರೆದುಕೊಳ್ಳಿ. ಬ್ಯಾಂಕ್ ಖಾತೆಯನ್ನು ಗುರುತಿಸುವುದು ಅದರಿಂದ.

ಏನೂ ಸಿಗಲಿಲ್ಲ ಎಂದರೆ ಖಾತೆಯೇ ಇಲ್ಲ ಎಂದು ತೀರ್ಮಾನಿಸಬೇಡಿ. 2024ರ ಮಾರ್ಚ್ ಹೊತ್ತಿಗೆ ಈ ತಾಣದಲ್ಲಿ 30 ಬ್ಯಾಂಕುಗಳಷ್ಟೇ ಇದ್ದವು. ಜೊತೆಗೆ ಇಲ್ಲಿರುವುದು ನಿಧಿಗೆ ಹೋದ ಹಣ ಮಾತ್ರ. ನಿಮ್ಮವರು ಐದಾರು ವರ್ಷದ ಹಿಂದೆ ತೀರಿಕೊಂಡಿದ್ದರೆ ಹಣ ಇನ್ನೂ ಬ್ಯಾಂಕಿನಲ್ಲೇ ಇರುತ್ತದೆ. ಆಗ ಪಾಸ್‌ಬುಕ್ ಹಿಡಿದು ಶಾಖೆಗೇ ಹೋಗಬೇಕು.

ಬ್ಯಾಂಕಿನಿಂದ ಪಡೆಯುವುದು

ನಾಮಿನಿ ಬದುಕಿದ್ದರೆ ಕೆಲಸ ಸುಲಭ. ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತು ಮತ್ತು ವಿಳಾಸದ ದಾಖಲೆ, ಅಷ್ಟೇ. ನಾಮಿನಿಗೆ ಹಣ ಬಂದರೂ ಅದು ವಾರಸುದಾರರೆಲ್ಲರ ಪರವಾಗಿ ಬಂದದ್ದು ಎಂಬುದನ್ನು ಅಣ್ಣತಮ್ಮಂದಿರು ಮರೆಯಬಾರದು. ಹಿಂದೂ ವಾರಸಾ ಕಾನೂನಿನಲ್ಲಿ ಅಕ್ಕತಂಗಿಯರಿಗೂ ಸಮಪಾಲು ಇದೆ.

ನಮ್ಮ ಮಾವ ಅತ್ತೆಯನ್ನೇ ನಾಮಿನಿ ಮಾಡಿದ್ದರು. ಅವರೂ ಇಲ್ಲ. ಅಂದರೆ ನಾಮಿನಿಯೇ ಇಲ್ಲದ ಖಾತೆಯಂತೆ ಲೆಕ್ಕ. ಇಬ್ಬರ ಮರಣ ಪ್ರಮಾಣಪತ್ರವೂ ಬೇಕಾಯಿತು. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಎಂದು ದೃಢೀಕರಿಸಿಕೊಂಡೆವು. ಹಣ ಮಗನ ಖಾತೆಗೆ ಬರಲಿ ಎಂದು ಹೆಣ್ಣುಮಕ್ಕಳು ಒಪ್ಪಿಗೆ ಪತ್ರ ಬರೆದುಕೊಟ್ಟರು. ಮಗ ನಷ್ಟಭರ್ತಿ ಮುಚ್ಚಳಿಕೆ ಬರೆದುಕೊಟ್ಟ. ಮುಂದೆ ಬೇರೆ ವಾರಸುದಾರರು ಬಂದರೆ ಜವಾಬ್ದಾರಿ ತನ್ನದು ಎಂದು ಅದರ ಅರ್ಥ. ಪಾಸ್‌ಬುಕ್‌ನ ಹೆಸರು ಮರಣ ಪ್ರಮಾಣಪತ್ರದ ಹೆಸರಿಗೆ ಹೊಂದದಿದ್ದರೆ 'ಇಬ್ಬರೂ ಒಬ್ಬರೇ' ಎಂಬ ಅಫಿಡವಿಟ್ ಸೇರಿಸಿ. ಅದನ್ನು ಮೊದಲೇ ಮಾಡಿಸಿಕೊಂಡರೆ ಒಂದು ಓಡಾಟ ಉಳಿಯುತ್ತದೆ.

ಕೌಂಟರಿನಲ್ಲಿ "ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ, ಇಬ್ಬರು ಜಾಮೀನುದಾರರನ್ನು ಕರೆತನ್ನಿ" ಎಂದು ನಮಗೂ ಹೇಳಿದರು. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ, ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದವರೆಗೆ ಇವೆರಡೂ ಬೇಕಿಲ್ಲ. ಸಹಕಾರಿ ಬ್ಯಾಂಕಿನಲ್ಲಿ ಈ ಮಿತಿ 5 ಲಕ್ಷ. ಬ್ಯಾಂಕುಗಳು ಇದನ್ನು ಜಾರಿಗೆ ತರಲು 2026ರ ಮಾರ್ಚ್ 31 ಗಡುವು. ಎಲ್ಲ ಕಾಗದ ಕೊಟ್ಟ 15 ದಿನದಲ್ಲಿ ಇತ್ಯರ್ಥ ಮಾಡಬೇಕು. ಆದರೆ ವಾರಸುದಾರರ ನಡುವೆ ಜಗಳ ಇದ್ದರೆ ಈ ಸುಲಭ ದಾರಿ ಸಿಗುವುದಿಲ್ಲ. ಕಾಗದ ಕೊಟ್ಟ ದಿನಾಂಕ ಹಾಕಿದ ಸ್ವೀಕೃತಿ ಚೀಟಿಯನ್ನು ಕೇಳಿ ಪಡೆಯಿರಿ. ಅದಿಲ್ಲದಿದ್ದರೆ 15 ದಿನದ ಲೆಕ್ಕ ಎಲ್ಲಿಂದ ಶುರು ಮಾಡುತ್ತೀರಿ, ಅಲ್ವಾ?

ಎಲ್‌ಐಸಿಯ ಲೆಕ್ಕ ಬೇರೆ

ಪ್ರೀಮಿಯಂ ಚೀಟಿಯ ಮೇಲೆ ಪಾಲಿಸಿ ಸಂಖ್ಯೆ ಇರುತ್ತದೆ. ಬಾಂಡ್ ಕಳೆದಿದ್ದರೂ ಅದು ಸಾಕು ದಾರಿ ತೋರಿಸಲು. licindia.in ನಲ್ಲಿ ವಾರಸುದಾರರಿಲ್ಲದ ಮೊತ್ತ ಹುಡುಕುವ ಪುಟವಿದೆ. ಆದರೆ ಅಲ್ಲಿ ಕಾಣುವುದು ಎಲ್‌ಐಸಿಗೆ ತಾನು ಕೊಡಬೇಕೆಂದು ಗೊತ್ತಿರುವ ಹಣ ಮಾತ್ರ. ಮರಣವನ್ನು ಯಾರೂ ತಿಳಿಸಿಲ್ಲದಿದ್ದರೆ, ಪಾಲಿಸಿಯ ಅವಧಿ ಮುಗಿಯುವ ತನಕ ಅದು ಪಟ್ಟಿಗೇ ಬರುವುದಿಲ್ಲ. ಹಾಗಾಗಿ ಶಾಖೆಗೆ ಹೋಗಿ ಸಂಖ್ಯೆ ಕೊಟ್ಟು ಕೇಳುವುದೇ ಸರಿ.

ಕಂತು ನಿಲ್ಲಿಸಿದ್ದರಿಂದ ಪಾಲಿಸಿ ಸತ್ತಿದೆ ಎಂದು ಎಷ್ಟೋ ಮನೆಯವರು ಚೀಟಿ ಎಸೆದುಬಿಡುತ್ತಾರೆ. ಮಾವ 1999ರಲ್ಲಿ 20 ವರ್ಷದ, 1 ಲಕ್ಷದ ಎಂಡೋಮೆಂಟ್ ಪಾಲಿಸಿ ಮಾಡಿಸಿದ್ದರು. ಮೂರು ತಿಂಗಳಿಗೊಂದರಂತೆ 80 ಕಂತಿನಲ್ಲಿ 44 ಕಟ್ಟಿ, 2010ರಲ್ಲಿ ನಿಲ್ಲಿಸಿದರು. ಅಂಥ ಹಳೇ ಪಾಲಿಸಿಗಳಲ್ಲಿ ಮೂರು ವರ್ಷ ಕಟ್ಟಿದ್ದರೆ ಪಾಲಿಸಿ ಪೂರ್ತಿ ಸಾಯುವುದಿಲ್ಲ, 'ಪೇಡ್ ಅಪ್' ಆಗಿ ಉಳಿಯುತ್ತದೆ. ಕಟ್ಟಿದ ಕಂತಿನ ಪ್ರಮಾಣದಲ್ಲಿ ಮೊತ್ತ ಇಳಿಯುತ್ತದೆ: 1 ಲಕ್ಷವನ್ನು 80ರಿಂದ ಭಾಗಿಸಿ 44ರಿಂದ ಗುಣಿಸಿದರೆ 55,000. ನಿಲ್ಲಿಸುವ ತನಕ ಸೇರಿದ ಬೋನಸ್ ಅದರ ಮೇಲೆ.

ಬಾಂಡ್ ಇಲ್ಲದ್ದಕ್ಕೆ ಅಲ್ಲೂ ನಷ್ಟಭರ್ತಿ ಮುಚ್ಚಳಿಕೆ ಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷದ ಜೊತೆಗೆ ಇಷ್ಟು ವರ್ಷ ಯಾಕೆ ತಡವಾಯಿತು ಎಂದು ಒಂದು ಪತ್ರ ಬರೆದುಕೊಟ್ಟೆವು.

ಇಲ್ಲಿ ಮಾತ್ರ ಕಾಲದ ಮಿತಿ ಇದೆ. ಯಾರೂ ಕೇಳದ ವಿಮೆ ಹಣ ಹತ್ತು ವರ್ಷದ ನಂತರ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಅಲ್ಲಿಗೆ ಹೋದ ಮೇಲೂ 25 ವರ್ಷದೊಳಗೆ ಕೇಳಬಹುದು. ಆಮೇಲೆ ಅದು ಕೇಂದ್ರ ಸರ್ಕಾರದ ಪಾಲು.